ಮೂರು ಬಿಲ್ಲು, ಒಂದು ಉದ್ದದ ಈಮೇಲ್

ಪೀಣ್ಯದಲ್ಲಿ ಒಂದು ಸಣ್ಣ ಮಷಿನ್ ಶಾಪ್ ಇದೆ. ಎರಡು ಸಿಎನ್‌ಸಿ, ನಾಲ್ಕು ಹಳೇ ಲೇತ್, ಹನ್ನೆರಡು ಜನ. ದೊಡ್ಡ ಕಂಪನಿಗಳಿಗೆ ಟರ್ನಿಂಗ್ ಪಾರ್ಟ್ಸ್ ಮಾಡಿಕೊಡುತ್ತಾರೆ. ಇಂಥ ನಾಲ್ಕೈದು ಶಾಪ್‌ಗಳ ಜಿಎಸ್‌ಟಿ ಲೆಕ್ಕ ನಾನು ನೋಡಿಕೊಡುತ್ತೇನೆ. ದಿನದ ಬಿಲ್ಲು, ಟ್ಯಾಲಿ ಎಂಟ್ರಿ, ರಿಟರ್ನ್ ಹಾಕೋದು ಎಲ್ಲ ಅಲ್ಲಿನ ಅಕೌಂಟೆಂಟ್ ಹುಡುಗಿಯದೇ ಕೆಲಸ. ಏನಾದರೂ ಸಿಕ್ಕಿಹಾಕಿಕೊಂಡಾಗ ಮಾತ್ರ ನನಗೆ ಫೋನ್ ಬರುತ್ತದೆ.

2024ರ ಸೆಪ್ಟೆಂಬರ್ 17, ಮಂಗಳವಾರ, ಮಧ್ಯಾಹ್ನ ಊಟದ ಹೊತ್ತಿಗೆ ಅಂಥದೇ ಒಂದು ಫೋನ್ ಬಂತು. "ಸರ್, ಒಂದು ಮೇಲ್ ಬರೆದಿದ್ದೀನಿ. ಕಳಿಸೋಕೆ ಮುಂಚೆ ಒಂದ್ಸಲ ನೋಡ್ತೀರಾ?"

ಆ ಮೇಲ್ ಹೇಗಿತ್ತು, ಹೇಗಾಯಿತು ಅನ್ನುವುದೇ ಈ ಬರಹ. ಬಿಲ್ ನಂಬರು, ಮೊತ್ತ ಬದಲಿಸಿದ್ದೇನೆ. ಮೂಲ ಮೇಲ್ ಇಂಗ್ಲಿಷಿನಲ್ಲಿತ್ತು, ಇಲ್ಲಿ ಅದನ್ನು ಕನ್ನಡದಲ್ಲೇ ಕೊಡುತ್ತಿದ್ದೇನೆ. ನಿಜ ಹೇಳಬೇಕೆಂದರೆ ಅದು ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆದ ಮೇಲ್. ಹಾಗಾಗಿ ವಾಪಸ್ ತರೋದು ಕಷ್ಟವಾಗಲಿಲ್ಲ.

ಮೊದಲು ಆಗಿದ್ದೇನು ಅಂತ ಹೇಳಿಬಿಡುತ್ತೇನೆ. ಪ್ರತಿ ತಿಂಗಳು ರಿಟರ್ನ್ ಹಾಕುವವರು ಒಂದು ತಿಂಗಳ ಮಾರಾಟದ ಬಿಲ್ಲುಗಳನ್ನು ಮುಂದಿನ ತಿಂಗಳ 11ರೊಳಗೆ ಜಿಎಸ್‌ಟಿಆರ್-1ರಲ್ಲಿ ತೋರಿಸಬೇಕು. 11ರ ರಾತ್ರಿಯವರೆಗೆ ಹಾಕಿದ್ದೆಲ್ಲ ಸೇರಿ, 14ನೇ ತಾರೀಖು ಕೊಂಡವರ ಕಡೆ 2ಬಿ ಅನ್ನುವ ಪಟ್ಟಿಯಾಗಿ ಬರುತ್ತದೆ. ಕೊಂಡವರು ತಾವು ಕೊಟ್ಟ ತೆರಿಗೆಯನ್ನು ವಾಪಸ್ ಲೆಕ್ಕಕ್ಕೆ ಹಿಡಿಯಬೇಕಾದರೆ, ಅಂದರೆ ಇನ್‌ಪುಟ್ ಕ್ರೆಡಿಟ್ ತಗೋಬೇಕಾದರೆ, ಆ ಬಿಲ್ಲು 2ಬಿಯಲ್ಲಿ ಇರಲೇಬೇಕು. 2022ರ ಜನವರಿಯಿಂದ ಇದು ಕಾನೂನಿನಲ್ಲೇ ಇದೆ. 20ಕ್ಕೆ ಅವರು 3ಬಿ ಹಾಕಿ ತೆರಿಗೆ ಕಟ್ಟುತ್ತಾರೆ. ನಾವು 11 ತಪ್ಪಿಸಿ 13ಕ್ಕೆ ಹಾಕಿದರೆ ಬಿಲ್ಲು ಕಳೆದುಹೋಗಲ್ಲ, ಮುಂದಿನ ತಿಂಗಳ 14ರ ಪಟ್ಟಿಗೆ ಹೋಗುತ್ತದೆ. ಆದರೆ ಈ 20ನೇ ತಾರೀಖು ಕೊಂಡವರಿಗೆ ಅಷ್ಟು ಕ್ರೆಡಿಟ್ ಕಮ್ಮಿ. ಅದನ್ನು ಅವರು ಕೈಯಿಂದ ಕಟ್ಟಬೇಕಾಗಬಹುದು.

ನಮ್ಮ ಹುಡುಗಿ ಆಗಸ್ಟ್ ತಿಂಗಳದ್ದನ್ನು ಸೆಪ್ಟೆಂಬರ್ 13ಕ್ಕೆ ಹಾಕಿದ್ದಳು.

17ರ ಬೆಳಿಗ್ಗೆ, ಪಾರ್ಟ್ಸ್ ಕೊಂಡ ಕಂಪನಿಯ ಅಕೌಂಟ್ಸ್ ಮ್ಯಾನೇಜರ್ ಕಳಿಸಿದ್ದು ಒಂದೇ ಸಾಲು: "ನಿಮ್ಮ ಆಗಸ್ಟ್ ಬಿಲ್ಸ್ 2ಬಿಯಲ್ಲಿ ಇಲ್ಲ. ಯಾಕೆ?" ಅದಕ್ಕೆ ಇವಳು ಬರೆದ ಉತ್ತರ ಇದು:

> ವಿಷಯ: ಜಿಎಸ್‌ಟಿ ಬಗ್ಗೆ
>
> ಗೌರವಾನ್ವಿತ ಸರ್,
>
> ನಮಸ್ಕಾರ. ತಾವು ಮತ್ತು ತಮ್ಮ ಮನೆಯವರೆಲ್ಲ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ತಮಗೆ ಗೌರಿ ಗಣೇಶ ಹಬ್ಬದ ತಡವಾದ ಶುಭಾಶಯಗಳು. ತಮ್ಮ ಮೇಲ್ ತಲುಪಿದೆ. ಅದರ ಸಂಬಂಧವಾಗಿ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ, ನಾನು ಹಬ್ಬಕ್ಕೆಂದು 5ನೇ ತಾರೀಖು ಊರಿಗೆ ಹೋಗಿದ್ದೆ. 8ಕ್ಕೆ ವಾಪಸ್ ಬರುವವಳಿದ್ದೆ. ಆದರೆ ನಮ್ಮ ತಾಯಿಗೆ ಬಿಪಿ ಜಾಸ್ತಿಯಾಗಿ ಆಸ್ಪತ್ರೆಗೆ ತೋರಿಸಬೇಕಾಗಿ ಬಂದಿದ್ದರಿಂದ 9ನೇ ತಾರೀಖು ಸಂಜೆ ಬಂದೆ. 10ನೇ ತಾರೀಖು ಆಫೀಸಿಗೆ ಬಂದಾಗ ನಮ್ಮ ರಸ್ತೆಯಲ್ಲಿ ಗುಂಡಿ ತೋಡುತ್ತಿದ್ದರಿಂದ ಇಂಟರ್ನೆಟ್ ಕೇಬಲ್ ತುಂಡಾಗಿತ್ತು. ಅದು ಸರಿಹೋಗಿದ್ದು 11ರ ಮಧ್ಯಾಹ್ನ. ಆಮೇಲೆ ರಿಟರ್ನ್ ಹಾಕಲು ಪ್ರಯತ್ನಿಸಿದಾಗ ಓಟಿಪಿ ನಮ್ಮ ಯಜಮಾನರ ಫೋನಿಗೆ ಹೋಗುತ್ತದೆ, ಅವರು ಹೊಸ ಮಷಿನ್ ನೋಡಲು ಕೊಯಮತ್ತೂರಿಗೆ ಹೋಗಿದ್ದರಿಂದ ಫೋನ್ ಸಿಗಲಿಲ್ಲ. 12ನೇ ತಾರೀಖು ಅವರು ಪ್ರಯಾಣದಲ್ಲಿದ್ದರು. ಕೊನೆಗೂ 13ಕ್ಕೆ ಹಾಕಿದ್ದೇವೆ.
>
> ಸರ್, ನಾವು ತಮ್ಮ ಜೊತೆ ಆರು ವರ್ಷದಿಂದ ಕೆಲಸ ಮಾಡುತ್ತಿದ್ದೇವೆ. ಒಂದು ಸಲವೂ ಹೀಗಾಗಿಲ್ಲ ಎನ್ನುವುದು ತಮಗೇ ಗೊತ್ತು. ಇದು ಬೇಕೆಂದು ಮಾಡಿದ್ದಲ್ಲ. ಪರಿಸ್ಥಿತಿ ಹಾಗೆ ಬಂತು. ಇವತ್ತು ಚೆಕ್ ಮಾಡುವಾಗ ಒಂದು ಬಿಲ್ಲು ಅದರಲ್ಲಿ ಬಿಟ್ಟುಹೋಗಿರುವುದೂ ಕಂಡುಬಂದಿದೆ, ಅದನ್ನೂ ಆದಷ್ಟು ಬೇಗ ಹಾಕುತ್ತೇವೆ. ತಮಗೆ ಆದ ತೊಂದರೆಗೆ ನಾನು ಮತ್ತು ನಮ್ಮ ಯಜಮಾನರು ಹೃತ್ಪೂರ್ವಕವಾಗಿ ಕ್ಷಮೆ ಕೇಳುತ್ತೇವೆ. ದಯವಿಟ್ಟು ಪರಿಸ್ಥಿತಿ ಅರ್ಥ ಮಾಡಿಕೊಂಡು, ಪೇಮೆಂಟ್ ನಿಲ್ಲಿಸದೆ, ಮುಂದಿನ ಕ್ರಮ ಕೈಗೊಳ್ಳಬೇಕಾಗಿ ವಿನಂತಿ. ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇವೆ.
>
> ಇಂತಿ ತಮ್ಮ ವಿಶ್ವಾಸಿ

ಓದಿ ನನಗೆ ನಗು ಬರಲಿಲ್ಲ. ಪಾಪ ಅನಿಸಿತು. ಇದರಲ್ಲಿ ಒಂದು ಸಾಲೂ ಸುಳ್ಳಲ್ಲ. ತಾಯಿಗೆ ಹುಷಾರಿರಲಿಲ್ಲ, ಕೇಬಲ್ ತುಂಡಾಗಿತ್ತು, ಯಜಮಾನರು ಕೊಯಮತ್ತೂರಿನಲ್ಲಿದ್ದರು. ಇಷ್ಟೆಲ್ಲ ಬರೆದರೂ, ಓದುವವನು ಕೇಳಿದ್ದಕ್ಕೆ ಉತ್ತರ ಇಲ್ಲಿಲ್ಲ.

ಅವಳಿಗೆ ಹಾಗಂದೆ. "ಸರ್, ಅವರು ಯಾಕೆ ಅಂತ ತಾನೆ ಕೇಳಿದ್ದು? ಯಾಕೆ ಅಂತಾನೇ ಹೇಳಿದ್ದೀನಲ್ವಾ?" ಅಂದಳು.

ಮಾತು ಸರಿಯಾಗಿಯೇ ಇತ್ತು. ಆದರೆ ನಮ್ಮ ಕಡೆ "ಯಾಕೆ" ಅನ್ನುವ ಪದ ಯಾವಾಗಲೂ ಕಾರಣ ಕೇಳೋದಿಲ್ಲ. ಮನೆಯಲ್ಲಿ "ಯಾಕೆ ಇನ್ನೂ ಅಡುಗೆ ಆಗಿಲ್ಲ" ಅಂದವನಿಗೆ ಗ್ಯಾಸ್ ಸಿಲಿಂಡರಿನ ಚರಿತ್ರೆ ಬೇಕಾಗಿರಲ್ಲ, ಊಟ ಎಷ್ಟು ಹೊತ್ತಿಗೆ ಅನ್ನೋದು ಬೇಕಾಗಿರುತ್ತೆ. ಇಲ್ಲೂ ಅಷ್ಟೇ. ಮ್ಯಾನೇಜರ್ ಕೇಳಿದ್ದು "ಯಾವಾಗ ಬರುತ್ತೆ, ಎಷ್ಟು ಬರುತ್ತೆ, 20ಕ್ಕೆ ನಾನೇನು ಮಾಡಲಿ" ಅಂತ. ಬರೆದದ್ದು ಮಾತ್ರ "ಯಾಕೆ".

ಆ ಮನುಷ್ಯನ 17ನೇ ತಾರೀಖು ಹೇಗಿರುತ್ತದೆ ಅಂತ ನನಗೆ ಗೊತ್ತು, ಏಕೆಂದರೆ ಹಿಂದೆ ನಾನೂ ಅಂಥ ಕುರ್ಚಿಯಲ್ಲಿ ಕೂತಿದ್ದವನು. 2ಬಿ ಇಳಿಸಿಕೊಂಡು ಎಕ್ಸೆಲ್‌ನಲ್ಲಿ ಒಂದು ಕಡೆ ಇಟ್ಟಿರುತ್ತಾರೆ, ಪರ್ಚೇಸ್ ರಿಜಿಸ್ಟರ್ ಇನ್ನೊಂದು ಕಡೆ. ಹೊಂದದ ಬಿಲ್ಲಿಗೆಲ್ಲ ಹಳದಿ ಬಣ್ಣ. ಒಬ್ಬೊಬ್ಬ ಸಪ್ಲೈಯರ್‌ಗೂ ಒಂದು ಸಾಲಿನ ಮೇಲ್ ಹಾಕಿ, ಬಂದ ಉತ್ತರ ನೋಡಿ, ಆ ಹಳದಿ ಸಾಲಿನ ಪಕ್ಕ "ಮುಂದಿನ ತಿಂಗಳು" ಅಂತಲೋ "ವಿವಾದ" ಅಂತಲೋ ಬರೆದು ಮುಂದಕ್ಕೆ ಹೋಗುತ್ತಾರೆ. ಕೊನೆಗೆ 20ಕ್ಕೆ ಬ್ಯಾಂಕಿನಲ್ಲಿ ಎಷ್ಟು ದುಡ್ಡು ಇರಬೇಕು ಅಂತ ಒಂದು ಅಂಕಿ ಮೇಲಿನವರಿಗೆ ಕೊಡಬೇಕು. ನಮ್ಮ ಹುಡುಗಿಯ ಮೇಲ್ ಓದಿ ಅವರು ಆ ಪಕ್ಕದ ಖಾನೆಯಲ್ಲಿ ಏನು ಬರೆಯಬಹುದು? ಏನೂ ಇಲ್ಲ. ಮತ್ತೆ ಫೋನ್ ಮಾಡಬೇಕು.

ಸಂಜೆ ನಾಲ್ಕಕ್ಕೆ ನಾನೇ ಶಾಪ್‌ಗೆ ಹೋದೆ. ಅಷ್ಟರಲ್ಲಿ ಅವಳು ನನ್ನ ಮಾತು ಕೇಳಿ ಮೇಲ್ ಕತ್ತರಿಸಿ ಇಟ್ಟಿದ್ದಳು. ಅದು ಹೀಗಿತ್ತು:

> ಸರ್, ಅನಿವಾರ್ಯ ಕಾರಣಗಳಿಂದ ರಿಟರ್ನ್ ಸ್ವಲ್ಪ ತಡವಾಯಿತು. ತೊಂದರೆಗೆ ಕ್ಷಮಿಸಿ. ಬಿಲ್‌ಗಳು ಬೇಗ ಬರುತ್ತವೆ. ದಯವಿಟ್ಟು ಸಹಕರಿಸಿ.

ನನ್ನ ಪ್ರಕಾರ ಇದು ಮೊದಲನೆಯದಕ್ಕಿಂತ ಕೆಟ್ಟದ್ದು. ಮೊದಲನೆಯದು ಓದಿದವರಿಗೆ ಕನಿಷ್ಠ ಒಬ್ಬ ಮನುಷ್ಯಳು ಕಷ್ಟದಲ್ಲಿದ್ದಾಳೆ ಅಂತ ಗೊತ್ತಾಗುತ್ತಿತ್ತು, 13ನೇ ತಾರೀಖು ಅನ್ನುವ ಒಂದು ಅಂಕಿಯಾದರೂ ಸಿಗುತ್ತಿತ್ತು. "ಅನಿವಾರ್ಯ ಕಾರಣಗಳಿಂದ" ಅನ್ನೋದು ಸರ್ಕಾರಿ ಬಸ್ ರದ್ದಾದಾಗ ಅಂಟಿಸುವ ಚೀಟಿಯ ಭಾಷೆ. "ಸ್ವಲ್ಪ", "ಬೇಗ" ಎರಡೂ ಏನನ್ನೂ ಹೇಳಲ್ಲ. ಉದ್ದ ಹೋಯಿತು, ಆದರೆ ಬೇಕಾದದ್ದು ಬರಲಿಲ್ಲ. ಬಹಳ ಜನ ಮೇಲ್ ಚಿಕ್ಕದು ಮಾಡು ಅಂದಾಗ ಮಾಡುವ ತಪ್ಪು ಇದೇ. ಇದ್ದ ವಿವರ ಕಿತ್ತು ಸಭ್ಯತೆ ಮಾತ್ರ ಉಳಿಸುತ್ತಾರೆ. ಆಗಬೇಕಾದ್ದು ಇದರ ಉಲ್ಟಾ.

"ಇದನ್ನೂ ಪಕ್ಕಕ್ಕಿಡಮ್ಮಾ, ಮೊದಲನೇದೇ ತೆಗಿ" ಅಂದೆ. ಪ್ರಿಂಟ್ ತೆಗೆದೆವು. ಕೈಯಲ್ಲಿ ಪೆನ್ಸಿಲ್. ಒಂದೊಂದು ವಾಕ್ಯಕ್ಕೂ ಒಂದೇ ಪ್ರಶ್ನೆ ಕೇಳುತ್ತಾ ಹೋದೆವು: ಇದು ಇಲ್ಲದಿದ್ದರೆ ಆ ಮ್ಯಾನೇಜರ್ ಇವತ್ತು ಅಥವಾ 20ಕ್ಕೆ ಮಾಡುವ ಕೆಲಸದಲ್ಲಿ ಏನಾದರೂ ಬದಲಾಗುತ್ತಾ?

ಕ್ಷೇಮ ಸಮಾಚಾರ, ಹಬ್ಬದ ಶುಭಾಶಯ ಬದಲಿಸಲ್ಲ. ಗೀಟು. "ತಮ್ಮ ಮೇಲ್ ತಲುಪಿದೆ" ಬೇಡ, ಉತ್ತರ ಬರೆದಿದ್ದೇವೆ ಅಂದರೆ ತಲುಪಿದೆ ಅಂತಲೇ. "ತಮ್ಮ ಗಮನಕ್ಕೆ ತರಬಯಸುವುದೇನೆಂದರೆ" ಅಂತೂ ಶಾಲೆಯ ರಜಾ ಚೀಟಿಯಿಂದ ನೇರ ಬಂದದ್ದು. ಆ ರಜಾ ಚೀಟಿ ನಮ್ಮೆಲ್ಲರ ಮೊದಲ ಕ್ಷಮಾಪಣೆ ಪತ್ರ. "ನನಗೆ ಜ್ವರ ಬಂದಿರುವುದರಿಂದ" ಅಂತ ಶುರು, "ರಜೆ ನೀಡಬೇಕಾಗಿ ವಿನಂತಿ" ಅಂತ ಮುಕ್ತಾಯ. ಮೊದಲು ಕಾರಣ, ಕೊನೆಗೆ ವಿಷಯ.

ಕನ್ನಡದ ವಾಕ್ಯವೂ ಅದಕ್ಕೆ ಅನುಕೂಲ ಮಾಡಿಕೊಡುತ್ತದೆ. "ಹೋಗಿದ್ದರಿಂದ", "ಆಗಿದ್ದರಿಂದ", "ಬಂದಿದ್ದರಿಂದ" ಅಂತ ಒಂದರ ಹಿಂದೆ ಒಂದು ಪೋಣಿಸುತ್ತಾ ಹೋಗಬಹುದು, ಕ್ರಿಯಾಪದ ಕೊನೆಗೆ ತಾನೆ ಬರೋದು. ಮಾತಿನಲ್ಲಿ ಎದುರಿಗಿರುವವರ ಮುಖ ನೋಡಿ ನಿಲ್ಲಿಸುತ್ತೇವೆ. ಮೇಲ್‌ನಲ್ಲಿ ಮುಖ ಕಾಣಲ್ಲ. ಅದಕ್ಕೇ ಅವಳ ಮೇಲ್‌ನಲ್ಲಿ "13ಕ್ಕೆ ಹಾಕಿದ್ದೇವೆ" ಅನ್ನುವ ಒಂದೇ ಒಂದು ಕೆಲಸದ ಮಾತು, ಊರು, ಆಸ್ಪತ್ರೆ, ಕೇಬಲ್, ಕೊಯಮತ್ತೂರು ಎಲ್ಲ ದಾಟಿದ ಮೇಲೆ ಬಂದಿದೆ.

ಆ ಪ್ರವಾಸ ಕಥನಕ್ಕೆ ಬಂದಾಗ ಅವಳು ಪೆನ್ಸಿಲ್ ಹಿಡಿದು ನಿಂತಳು. "ಇದನ್ನ ತೆಗೆದರೆ ನಾನು ಸುಮ್ನೆ ನಿರ್ಲಕ್ಷ್ಯ ಮಾಡಿದೆ ಅಂದ್ಕೋತಾರೆ ಸರ್."

"ರಿಟರ್ನ್ ಹಾಕೋಕೆ ಎಷ್ಟು ಹೊತ್ತಿಗೆ ಕೂತೆ?" ಅಂತ ಕೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಹನ್ನೊಂದನೇ ತಾರೀಖು ಸಂಜೆ ಏಳಕ್ಕೆ ಸರ್."

ಇಲ್ಲಿ ಕಥೆ ಬಿಚ್ಚಿಕೊಂಡಿತು. ಆಗಸ್ಟ್ ಬಿಲ್ಲುಗಳೆಲ್ಲ 31ಕ್ಕೇ ಟ್ಯಾಲಿಯಲ್ಲಿ ಇದ್ದವು. ಸೆಪ್ಟೆಂಬರ್ ಒಂದರಿಂದಲೇ ಹಾಕಬಹುದಿತ್ತು. ಊರಿಗೆ ಹೋಗುವ ಮುಂಚೆ ನಾಲ್ಕು ದಿನ ಇತ್ತು. ತಾಯಿಯ ಬಿಪಿಗೂ ಈ ತಡಕ್ಕೂ ಸಂಬಂಧ ಇರಲಿಲ್ಲ, ಕೇಬಲ್‌ಗೂ ಅಷ್ಟಾಗಿ ಇರಲಿಲ್ಲ, ಫೋನಿನ ಹಾಟ್‌ಸ್ಪಾಟ್ ಇತ್ತಲ್ಲ. ನಿಜವಾದ ಕಾರಣ ಎರಡೇ. ಕೊನೇ ದಿನಕ್ಕೆ ಇಟ್ಟುಕೊಂಡದ್ದು ಒಂದು. ಓಟಿಪಿ ಬರುವ ಫೋನ್ ಒಬ್ಬರ ಕೈಯಲ್ಲೇ ಇದ್ದದ್ದು, ಅವರು ಊರಲ್ಲಿ ಇಲ್ಲದ್ದು ಇನ್ನೊಂದು. ಉಳಿದದ್ದೆಲ್ಲ ಮೊದಲನೇ ಕಾರಣವನ್ನು ಮುಚ್ಚೋಕೆ ಬಂದ ಹೊದಿಕೆ. ಅವಳು ಬೇಕೆಂದು ಮುಚ್ಚಿದಳು ಅಂತಲ್ಲ. ನಾಚಿಕೆಯಾದಾಗ ನಾವೆಲ್ಲ ಹಾಗೇ ಮಾತು ಜಾಸ್ತಿ ಮಾಡುತ್ತೇವೆ.

ಓದುವವನಿಗೆ ಇದು ಗೊತ್ತಾಗಲ್ಲ ಅಂದುಕೊಳ್ಳಬೇಡಿ. ತಿಂಗಳು ತಿಂಗಳೂ ಇಂಥ ಮೇಲ್ ಓದುವವರಿಗೆ ನಾಲ್ಕು ಕಾರಣ ಕಂಡಕೂಡಲೇ ಯಾವುದೂ ಕಾರಣವಲ್ಲ ಅನಿಸುತ್ತೆ. ಒಂದೇ ಕಾರಣ, ಅದೂ ನಮ್ಮ ಕೈಯಲ್ಲಿದ್ದದ್ದು, ನೇರವಾಗಿ ಹೇಳಿದರೆ ನಂಬುತ್ತಾರೆ.

ಹಾಗಂತ ಆ ಕಾರಣವನ್ನಾದರೂ ಇಡಬೇಕಾ? ನಮ್ಮ ಪ್ರಶ್ನೆಯ ಪ್ರಕಾರ ಅದೂ 20ರ ಕೆಲಸ ಬದಲಿಸಲ್ಲ. ಇಲ್ಲಿ ನಾನು ಸ್ವಲ್ಪ ಯೋಚಿಸಿದೆ. ಮ್ಯಾನೇಜರ್‌ಗೆ ಇನ್ನೊಂದು ಚಿಂತೆ ಇರುತ್ತೆ: ಮುಂದಿನ ತಿಂಗಳೂ ಹೀಗೇ ಆದರೆ? ಪದೇ ಪದೇ ತಪ್ಪಿಸುವ ಸಪ್ಲೈಯರ್‌ನ ಪೇಮೆಂಟ್ ತಡೆಹಿಡಿಯುವುದು ಅವರಲ್ಲಿ ಸಾಮಾನ್ಯ. ಅದಕ್ಕೆ ಉತ್ತರ ಕೊಡುವಷ್ಟು ಕಾರಣ ಬೇಕು. "ಕೊನೇ ದಿನಕ್ಕೆ ಬಿಟ್ಟಿದ್ದೆವು, ಇನ್ನು ಮೇಲೆ 8ರೊಳಗೆ ಹಾಕುತ್ತೇವೆ." ಅಷ್ಟು ಸಾಕು. "ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇವೆ" ಅನ್ನುವುದಕ್ಕಿಂತ 8 ಅನ್ನುವ ಅಂಕಿಗೆ ತೂಕ ಜಾಸ್ತಿ, ಯಾಕೆಂದರೆ ಮುಂದಿನ ತಿಂಗಳು ಅವರು ಅದನ್ನು ನೋಡಿ ಹೌದೋ ಅಲ್ಲವೋ ಅನ್ನಬಹುದು.

"ಆರು ವರ್ಷದಿಂದ" ಅನ್ನುವ ಸಾಲು ತೆಗೆಯೋಕೆ ಅವಳಿಗೆ ಬೇಜಾರಾಯಿತು. ನನಗೂ. ಅದು ನಿಜ, ಅದರಲ್ಲಿ ಹೆಮ್ಮೆ ಇದೆ. ಆದರೆ ಅವರ ಸಿಸ್ಟಮ್‌ನಲ್ಲಿ ಆರು ವರ್ಷದ ಲೆಜರ್ ಇದೆ, ನಾವು ನೆನಪಿಸಬೇಕಾಗಿಲ್ಲ. ನೆನಪಿಸಿದರೆ ಋಣ ಕೇಳಿದ ಹಾಗೆ ಆಗುತ್ತೆ.

ಹೀಗೆ ಗೀಟು ಹಾಕುತ್ತಾ ಎರಡನೇ ಪ್ಯಾರಾ ನಡುವಿಗೆ ಬಂದಾಗ ನನ್ನ ಪೆನ್ಸಿಲ್ ನಿಂತಿತು. "ಒಂದು ಬಿಲ್ಲು ಅದರಲ್ಲಿ ಬಿಟ್ಟುಹೋಗಿರುವುದೂ ಕಂಡುಬಂದಿದೆ." ಮಧ್ಯಾಹ್ನ ಓದಿದಾಗ ನಾನೇ ಇದನ್ನು ದಾಟಿಹೋಗಿದ್ದೆ. ಇಡೀ ಮೇಲ್‌ನಲ್ಲಿ ಅತಿ ಮುಖ್ಯವಾದ ವಾಕ್ಯ ಇದು! ಕ್ಷಮೆ ಕೇಳುವ ಸಾಲುಗಳ ನಡುವೆ, "ಊ" ಸೇರಿಸಿ ನುಸುಳಿಸಿಬಿಟ್ಟಿದ್ದಳು. ಮ್ಯಾನೇಜರ್ ಕೂಡ ದಾಟಿಹೋಗುತ್ತಿದ್ದರು. ಆಮೇಲೆ ಅಕ್ಟೋಬರ್‌ನಲ್ಲಿ ಎರಡು ಬಿಲ್ಲು ಬಂದು ಮೂರನೆಯದು ಬಾರದೆ ಇದ್ದಿದ್ದರೆ, "ನಾವು ಹೇಳಿದ್ದೆವಲ್ಲ" ಅಂದರೆ ಯಾರು ಕೇಳುತ್ತಿದ್ದರು?

ಮೇಲ್ ಅಲ್ಲೇ ಬಿಟ್ಟು ಮೊದಲು ಆ ಬಿಲ್ಲಿನ ಕೆಲಸ ಹಿಡಿದೆವು. ಜಿಎಸ್‌ಟಿಆರ್-1 ಹಾಕಿದ ಮೇಲೆ ಬಿಟ್ಟುಹೋದದ್ದನ್ನು ಸೇರಿಸಲು ಆ ವರ್ಷದ ಆಗಸ್ಟ್‌ನಿಂದ ಜಿಎಸ್‌ಟಿಆರ್-1ಎ ಅಂತ ಒಂದು ಫಾರ್ಮ್ ಬಂದಿತ್ತು. ನಮ್ಮ 3ಬಿ ಹಾಕುವ ಮುಂಚೆ ಅದನ್ನು ಹಾಕಬೇಕು, ಒಂದು ತಿಂಗಳಿಗೆ ಒಂದೇ ಸಲ ಹಾಕಬಹುದು. ಒಂದೇ ಸಲ ಆದ್ದರಿಂದ ಆಗಸ್ಟ್‌ನ ಎಲ್ಲಾ ಬಿಲ್ಲುಗಳನ್ನೂ ಇನ್ನೊಮ್ಮೆ ತಾಳೆ ನೋಡಿದೆವು. ಬಿಟ್ಟದ್ದು ಅದೊಂದೇ. ಯಜಮಾನರು ಅವತ್ತು ಶಾಪ್‌ನಲ್ಲೇ ಇದ್ದರು, ಓಟಿಪಿ ಹೇಳಿದರು, ಐದೂವರೆಗೆ ಕೆಲಸ ಮುಗಿಯಿತು. 1ಎಯಲ್ಲಿ ಸೇರಿಸಿದ್ದು ಕೊಂಡವರ ಮುಂದಿನ ತಿಂಗಳ 2ಬಿಗೆ ಹೋಗುತ್ತದೆ. ಅಂದರೆ ಈ ಬಿಲ್ಲೂ, ತಡವಾದ ಎರಡು ಬಿಲ್ಲೂ ಒಂದೇ ದಿನ, ಅಕ್ಟೋಬರ್ 14ಕ್ಕೆ ಕಾಣುತ್ತವೆ.

ಹೀಗಾಗಿ "ಆದಷ್ಟು ಬೇಗ ಹಾಕುತ್ತೇವೆ" ಅನ್ನೋದು "ಇವತ್ತು ಹಾಕಿದ್ದೇವೆ" ಆಯಿತು. ಎಷ್ಟೋ ಸಲ ಮೇಲ್ ಉದ್ದವಾಗೋದು ಮಾಡದೆ ಉಳಿದ ಕೆಲಸದಿಂದ. ಅರ್ಧ ಗಂಟೆ ಆ ಕೆಲಸ ಮಾಡಿ ಕೂತರೆ ಬರೆಯಬೇಕಾದ್ದು ತಾನಾಗಿಯೇ ಕಮ್ಮಿಯಾಗುತ್ತೆ.

ಗೀಟು ಹಾಕಿ ಮುಗಿದಾಗ ಪುಟದಲ್ಲಿ ಉಳಿದದ್ದು: 13ಕ್ಕೆ ಹಾಕಿದ್ದೇವೆ, ಒಂದು ಬಿಲ್ಲು ಬಿಟ್ಟಿತ್ತು, ಕ್ಷಮಿಸಿ, ಪೇಮೆಂಟ್ ನಿಲ್ಲಿಸಬೇಡಿ. ಬಿಲ್ ನಂಬರ್ ಒಂದೂ ಇಲ್ಲ. ತೆರಿಗೆ ಮೊತ್ತ ಇಲ್ಲ. 2ಬಿಯಲ್ಲಿ ಬರುವ ತಾರೀಖು ಇಲ್ಲ. ಇನ್ನೂರು ಪದದ ಹತ್ತಿರ ಬರೆದವಳಿಗೆ ಇವು ಮೂರು ಹೊಳೆದಿರಲೇ ಇಲ್ಲ. ಯಾಕೆಂದರೆ ಬರೆಯುವಾಗ ಅವಳ ಕಣ್ಣು ತನ್ನ ಎಂಟು ದಿನದ ಮೇಲಿತ್ತು, ಅವರ ಎಕ್ಸೆಲ್ ಶೀಟಿನ ಮೇಲಿರಲಿಲ್ಲ.

ಹೊಸ ಮೇಲ್ ಬರೆಯೋಕೆ ಹತ್ತು ನಿಮಿಷ ಆಗಲಿಲ್ಲ. ಒಂದು ಜಾಗದಲ್ಲಿ ಮಾತ್ರ ಜಗಳ ಆಯಿತು. ತೆರಿಗೆಯ ಭಾಗವನ್ನು ಅಕ್ಟೋಬರ್‌ವರೆಗೆ ತಡೆದುಕೊಳ್ಳಿ, ಬಾಕಿ ಹಣ ಕೊಡಿ ಅಂತ ನಾವೇ ಹೇಳೋಣ ಅಂದೆ. ಯಜಮಾನರು ಕೂಗಿದರು, "ಏನ್ರೀ ನೀವು, ಅವರಿಗೆ ನಾವೇ ಐಡಿಯಾ ಕೊಟ್ಟ ಹಾಗಲ್ವಾ?"

ಆ ಐಡಿಯಾ ಅವರಿಗೆ ಹಳೇದು. ಕ್ರೆಡಿಟ್ ಬಾರದೆ ತೆರಿಗೆ ಭಾಗ ಯಾವ ದೊಡ್ಡ ಕಂಪನಿಯೂ ಸುಲಭಕ್ಕೆ ಬಿಡಲ್ಲ. ಭಯ ಇರೋದು ಅದಲ್ಲ. ಸಿಸ್ಟಮ್‌ನಲ್ಲಿ ಬಿಲ್ಲಿಗೆ "ಹೋಲ್ಡ್" ಹಾಕಿದರೆ ಪೂರ್ತಿ ಬಿಲ್ಲೇ ನಿಲ್ಲುತ್ತೆ, 1,15,200ಕ್ಕಾಗಿ 7,55,200 ಸಿಕ್ಕಿಹಾಕಿಕೊಳ್ಳುತ್ತೆ. "ಪೇಮೆಂಟ್ ನಿಲ್ಲಿಸಬೇಡಿ" ಅಂತ ಬೇಡಿಕೊಂಡರೆ ಅವರು ಹೌದು ಅಥವಾ ಇಲ್ಲ ಅನ್ನಬೇಕು, ಇಲ್ಲ ಅನ್ನೋದೇ ಸುಲಭ. ಎಷ್ಟು ತಡೆಯಬಹುದು, ಎಷ್ಟು ಬಿಡಬಹುದು ಅಂತ ನಾವೇ ಬಿಡಿಸಿಕೊಟ್ಟರೆ ಅವರು ಆ ಸಾಲನ್ನು ಪೇಮೆಂಟ್ ವಿಭಾಗಕ್ಕೆ ಹಾಗೇ ಫಾರ್ವರ್ಡ್ ಮಾಡಬಹುದು. ಯಜಮಾನರು ಗೊಣಗುತ್ತಲೇ ಒಪ್ಪಿದರು. ವಿನಂತಿಯ ಧಾಟಿ ಮಾತ್ರ ಅವರಿಷ್ಟದಂತೆ ಇಟ್ಟೆವು.

ಆರು ಗಂಟೆಗೆ ಹೋದ ಮೇಲ್ ಇದು:

> ವಿಷಯ: ಆಗಸ್ಟ್‌ನ 3 ಬಿಲ್, ತೆರಿಗೆ ರೂ. 1,15,200: ಅಕ್ಟೋಬರ್ 14ರ 2ಬಿಯಲ್ಲಿ ಬರುತ್ತವೆ
>
> ಸರ್,
>
> ನಮ್ಮ ಆಗಸ್ಟ್‌ನ 3 ಬಿಲ್ ನಿಮಗೆ ಅಕ್ಟೋಬರ್ 14ರ 2ಬಿಯಲ್ಲಿ ಬರುತ್ತವೆ. ಈ 20ರ 3ಬಿಗೆ ಇವುಗಳ ಕ್ರೆಡಿಟ್ ಸಿಗುವುದಿಲ್ಲ.
>
> ಬಿಲ್ 112: ಮೊತ್ತ 2,50,000, ತೆರಿಗೆ 45,000
> ಬಿಲ್ 118: ಮೊತ್ತ 2,10,000, ತೆರಿಗೆ 37,800
> ಬಿಲ್ 125: ಮೊತ್ತ 1,80,000, ತೆರಿಗೆ 32,400
>
> ತಪ್ಪು ನಮ್ಮದು. ಕೊನೇ ದಿನಕ್ಕೆ ಬಿಟ್ಟು, ಜಿಎಸ್‌ಟಿಆರ್-1 ಅನ್ನು 11ರ ಬದಲು 13ಕ್ಕೆ ಹಾಕಿದೆವು. ಬಿಲ್ 125 ಅದರಲ್ಲಿ ಬಿಟ್ಟುಹೋಗಿತ್ತು, ಇವತ್ತು 1ಎಯಲ್ಲಿ ಸೇರಿಸಿದ್ದೇವೆ. ಮುಂದಿನ ತಿಂಗಳಿಂದ 8ರೊಳಗೆ ಹಾಕುತ್ತೇವೆ. ಕ್ಷಮಿಸಿ.
>
> ತೆರಿಗೆಯ 1,15,200 ಅಲ್ಲಿಯವರೆಗೆ ತಡೆದುಕೊಂಡು, ಉಳಿದ 6,40,000 ಎಂದಿನ ತಾರೀಖಿಗೆ ಕೊಟ್ಟರೆ ಉಪಕಾರವಾಗುತ್ತದೆ.

ವಿಷಯದ ಸಾಲು ಉದ್ದವಾಯಿತು ಅನ್ನಿಸಬಹುದು. ಅದನ್ನು ಬೇಕೆಂದೇ ಹಾಗೆ ಇಟ್ಟದ್ದು. ಫೋನಿನಲ್ಲಿ ಮೇಲ್ ತೆರೆಯುವ ಮುಂಚೆ ಕಾಣೋದು ಅದೊಂದೇ. "ಜಿಎಸ್‌ಟಿ ಬಗ್ಗೆ" ಅಂತ ಆ ವಾರ ಅವರ ಇನ್‌ಬಾಕ್ಸ್‌ನಲ್ಲಿ ಎಷ್ಟು ಮೇಲ್ ಇದ್ದಿರಬೇಡ! ಅಕ್ಟೋಬರ್‌ನಲ್ಲಿ ಹುಡುಕುವಾಗಲೂ ಅದೇ ಸಾಲು ಕೈಗೆ ಸಿಗಬೇಕು. "ಕ್ಷಮಿಸಿ" ಅನ್ನೋದನ್ನು ಒಂದು ಸಲಕ್ಕೆ ಇಳಿಸಿದೆವು, ತಪ್ಪು ಒಪ್ಪಿಕೊಂಡ ಜಾಗದಲ್ಲೇ. ಮೊದಲಿನ ಮೇಲ್‌ನಲ್ಲಿ ಹೃತ್ಪೂರ್ವಕ ಕ್ಷಮೆ ಇತ್ತು, "ತಪ್ಪು ನಮ್ಮದು" ಅನ್ನುವ ಮಾತು ಇರಲಿಲ್ಲ, ಗಮನಿಸಿದಿರಾ? "ಪರಿಸ್ಥಿತಿ ಹಾಗೆ ಬಂತು" ಅಂತಿತ್ತು.

ತೆಗೆದ ಕಥೆ ವ್ಯರ್ಥವಾಗಲಿಲ್ಲ. ತಾರೀಖುಗಳ ಸಮೇತ ಅವಳ ಡೈರಿಯಲ್ಲಿ ಬರೆದಿಡಿಸಿದೆ. ನಾಳೆ ಇಲಾಖೆಯಿಂದ ನೋಟಿಸ್ ಬಂದರೆ ಉತ್ತರಕ್ಕೆ ಯಾವತ್ತು ಏನಾಯಿತು ಅನ್ನೋದೆಲ್ಲ ಬೇಕಾಗುತ್ತೆ. ಅಲ್ಲಿ ಓದುವವರ ಕೆಲಸವೇ ಬೇರೆ. ತಾಯಿಯ ವಿಷಯ ಯಜಮಾನರಿಗೆ ಹೇಳು ಅಂದೆ. ಅವರಿಗೆ ಅದು ಗೊತ್ತೇ ಇರಲಿಲ್ಲ! ಹೊರಗಿನ ಕಂಪನಿಗೆ ಬರೆಯಲು ಹೊರಟವಳು ತನ್ನ ಯಜಮಾನರಿಗೆ ಹೇಳಿರಲಿಲ್ಲ.

ಮರುದಿನ ಹತ್ತೂಕಾಲಿಗೆ ಉತ್ತರ ಬಂತು. "ಓಕೆ. ಪೇಮೆಂಟ್ ಟೀಮ್‌ಗೆ ಕಳಿಸಿದ್ದೀನಿ. ನಿಮ್ಮ 3ಬಿ ಯಾವಾಗ?"

ಆ ಕೊನೇ ಪ್ರಶ್ನೆ ನನ್ನ ತಪ್ಪು. ಹೊಸ ಮೇಲ್‌ನ ಕರಡಿನಲ್ಲಿ "ನಮ್ಮ 3ಬಿ 20ರೊಳಗೆ ಹಾಕುತ್ತೇವೆ" ಅಂತ ಅವಳು ಒಂದು ಸಾಲು ಬರೆದಿದ್ದಳು. ಅದು ನಮ್ಮ ಮನೆ ವಿಷಯ, ಅವರಿಗ್ಯಾಕೆ ಅಂತ ನಾನೇ ಹೊಡೆದುಹಾಕಿದ್ದೆ. ಆದರೆ ಬಿಲ್ಲು ಪಟ್ಟಿಯಲ್ಲಿ ಬಂದರಷ್ಟೇ ಸಾಲದು, ಮಾರಿದವರು ಆ ತೆರಿಗೆ ಸರ್ಕಾರಕ್ಕೆ ಕಟ್ಟಿರಲೂಬೇಕು. ಒಂದು ಸಲ ತಾರೀಖು ತಪ್ಪಿಸಿದವರನ್ನು ಅದನ್ನೂ ಕೇಳೇ ಕೇಳುತ್ತಾರೆ. ಕತ್ತರಿಸುವ ಹುರುಪಿನಲ್ಲಿ ಬೇಕಾದ್ದೊಂದು ಹೋಗಿತ್ತು. "ನಾನು ಹೇಳಿದ್ದೆ ಅಲ್ವಾ ಸರ್" ಅಂತ ಅವಳು ಫೋನಿನಲ್ಲಿ ನಕ್ಕಳು. "19ಕ್ಕೆ ಹಾಕುತ್ತೇವೆ" ಅಂತ ಉತ್ತರ ಕಳಿಸಿ, 19ಕ್ಕೇ ಹಾಕಿ, ಅದರ ರಸೀದಿಯನ್ನೂ ಅದೇ ಮೇಲ್‌ಗೆ ಸೇರಿಸಿ ಕಳಿಸಿದಳು. ಜೊತೆಗೆ ಒಂದಕ್ಷರ ಬರೆಯಲಿಲ್ಲ.

6,40,000 ಎಂದಿನ ತಾರೀಖಿಗೆ ಬಂತು. ಸೆಪ್ಟೆಂಬರ್ ತಿಂಗಳ ರಿಟರ್ನನ್ನು ಅವಳು ಅಕ್ಟೋಬರ್ 7ಕ್ಕೆ ಹಾಕಿದಳು. 15ನೇ ತಾರೀಖು ಅದೇ ಮೇಲ್‌ನ ಕೆಳಗೆ ಮ್ಯಾನೇಜರ್ ಬರೆದಿದ್ದರು: "ಮೂರೂ ಬಂದಿದೆ. ತೆರಿಗೆ ಈ ವಾರ ಹಾಕ್ತೀವಿ."